ದೀಪವೂ ಕಾಣಬೇಕು, ಮುಖವೂ ಕಾಣಬೇಕು: ದೇವರ ಮನೆಯ ಪೂಜೆಗೆ ಬೆಳಕು ಹೊಂದಿಸುವ ಬಗೆ

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಸಂಜೆ ನಮ್ಮ ದೊಡ್ಡಮ್ಮ ದೀಪ ಹಚ್ಚುವುದನ್ನು ಫೋನಿನಲ್ಲಿ ವಿಡಿಯೊ ಮಾಡಿದ್ದೆ. ತ್ಯಾಗರಾಜನಗರದಲ್ಲಿ ಅವರ ಮನೆ. ಹಜಾರದ ಒಂದು ಮೂಲೆಯಲ್ಲಿ ಮರದ ಮಂಟಪ, ಅದರ ಮುಂದೆ ಎರಡು ದೀಪದ ಕಂಬ. ಕಳಶಕ್ಕೆ ಬೆಳ್ಳಿ ಮುಖವಾಡ ಇಟ್ಟು, ಸೀರೆ ಉಡಿಸಿ, ಬೆಳಗಿನಿಂದ ಅಲಂಕಾರ ಮಾಡಿದ್ದರು. ಹೊರದೇಶದಲ್ಲಿರುವ ಮಗಳಿಗೆ ಕಳಿಸಬೇಕೆಂದು ಆಸೆ. ವಿಡಿಯೊ ನೋಡಿ ಅವರು ಹೇಳಿದ್ದು ಇಷ್ಟು: "ಏನೋ ಇದು, ದೀಪ ಹತ್ತಿ ಉಂಡೆ ಥರ ಬೆಳ್ಳಗಿದೆ. ನನ್ನ ಮುಖ ನೋಡು, ಜ್ವರ ಬಂದವಳ ಹಾಗೆ ನೀಲಿ ನೀಲಿ."

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಫೋನಿನಲ್ಲಿ ಹಾಗೆ ಬಂದಿತ್ತು. ಈ ವರ್ಷ ಅದೇ ಮೂಲೆ, ಅದೇ ದೀಪ, ಅದೇ ಫೋನು ಇಟ್ಟುಕೊಂಡು ಬೆಳಕನ್ನು ಮಾತ್ರ ಬದಲಿಸಿದೆ. ಏನೇನು ಮಾಡಿದೆ ಅನ್ನುವುದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಖರ್ಚು ಒಂದು ಬಲ್ಬು, ಒಂದು ಹೋಲ್ಡರು. ಉಳಿದದ್ದೆಲ್ಲ ಮನೆಯಲ್ಲೇ ಇತ್ತು.

ಮೊದಲು, ತಪ್ಪು ಎಲ್ಲಿ ಆಗುತ್ತದೆ

ಕ್ಯಾಮೆರಾಕ್ಕೆ ಇಲ್ಲಿ ಎರಡು ಕಷ್ಟಗಳಿವೆ. ಎರಡೂ ಬೇರೆ ಬೇರೆ, ಆದರೆ ನಾವು ಒಂದೇ ಅಂದುಕೊಳ್ಳುತ್ತೇವೆ.

ಮೊದಲನೆಯದು ಬೆಳಕಿನ ಪ್ರಮಾಣ. ದೀಪದ ಕುಡಿ ಚಿಕ್ಕದಾದರೂ ಅದರ ಹೊಳಪು ಜಾಸ್ತಿ. ಪಕ್ಕದಲ್ಲಿ ಕೂತವರ ಮುಖಕ್ಕಿಂತ ಅದು ನೂರಾರು ಪಟ್ಟು ಹೊಳೆಯುತ್ತಿರುತ್ತದೆ. ಆದರೆ ಆ ಕುಡಿಯಿಂದ ಮುಖಕ್ಕೆ ತಲುಪುವ ಬೆಳಕು ತುಂಬ ಕಮ್ಮಿ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮೇಣದ ಬತ್ತಿಯ ಬೆಳಕು ಒಂದು ಮೀಟರ್ ದೂರದಲ್ಲಿ ಸುಮಾರು 1 ಲಕ್ಸ್ ಮಾತ್ರ. ಒಂದು ಅಡಿ ಹತ್ತಿರಕ್ಕೆ ಬಂದರೆ ಹತ್ತು, ಹನ್ನೊಂದು ಲಕ್ಸ್ ಆಗುತ್ತದೆ. ಎಣ್ಣೆ ದೀಪದ ಒಂದು ಬತ್ತಿಯ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಮುಖ ಕತ್ತಲಲ್ಲಿದೆ ಅಂತ ಫೋನು ತಾನೇ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ. ಆಗ ಕುಡಿ ಬಿಳಿ ಉಂಡೆಯಾಗುತ್ತದೆ.

ಎರಡನೆಯದು ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಎಣ್ಣೆ ದೀಪದ ಕುಡಿ ಸುಮಾರು 1900 ಕೆಲ್ವಿನ್, ಅಂದರೆ ಕಿತ್ತಳೆ ಹಳದಿ. ನಮ್ಮ ಮನೆಗಳಲ್ಲಿ ಹಾಕಿಸುವ ಬಿಳಿ ಟ್ಯೂಬ್‌ಲೈಟು 6500 ಕೆಲ್ವಿನ್, ಅಂದರೆ ನೀಲಿ ಬೆರೆತ ಬಿಳಿ. ಎರಡೂ ಒಟ್ಟಿಗೆ ಉರಿಯುವಾಗ ನಮ್ಮ ಕಣ್ಣು ಹೊಂದಿಸಿಕೊಳ್ಳುತ್ತದೆ. ಫೋನಿಗೆ ಆಗುವುದಿಲ್ಲ. ಅದು ನಡುವೆ ಎಲ್ಲೋ ಒಂದು ಬಣ್ಣವನ್ನು ಬಿಳಿ ಎಂದು ಲೆಕ್ಕ ಹಾಕುತ್ತದೆ. ಆಗ ಟ್ಯೂಬಿನ ಬೆಳಕು ಬಿದ್ದ ಕೆನ್ನೆ ನೀಲಿ, ದೀಪದ ಬೆಳಕು ಬಿದ್ದ ಕೆನ್ನೆ ಗಾಢ ಕಿತ್ತಳೆ. ದೊಡ್ಡಮ್ಮನ ಮನೆಯಲ್ಲಿ ಟ್ಯೂಬು ಅವರ ಬೆನ್ನ ಹಿಂದೆ, ಗೋಡೆಯ ಮೇಲಿತ್ತು. ಹಾಗಾಗಿ ಮುಖ ನೆರಳಿನಲ್ಲಿ ಬಿತ್ತು, ಆ ನೆರಳಿಗೂ ನೀಲಿ ಛಾಯೆ ಬಂತು.

ಇದರಿಂದ ಮಾಡಬೇಕಾದ್ದು ಸ್ಪಷ್ಟವಾಗುತ್ತದೆ. ಕ್ಯಾಮೆರಾವನ್ನು ದೀಪಕ್ಕೆ ತಕ್ಕಂತೆ ಹೊಂದಿಸಬೇಕು. ಆಮೇಲೆ ದೀಪದ ಬಣ್ಣಕ್ಕೆ ಹತ್ತಿರದ, ಮೆತ್ತನೆಯ ಒಂದು ಬೆಳಕನ್ನು ಮುಖಕ್ಕೆ ಕೊಟ್ಟು ಮುಖವನ್ನು ದೀಪದ ಹತ್ತಿರಕ್ಕೆ ಎತ್ತಬೇಕು. ಮುಖಕ್ಕೆ ಕ್ಯಾಮೆರಾ ಹೊಂದಿಸಿ, ಆಮೇಲೆ ದೀಪ ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಒಮ್ಮೆ ಬಿಳಿಯಾಗಿ ಹೋದ ಕುಡಿಯಲ್ಲಿ ಬಣ್ಣ ಉಳಿದಿರುವುದಿಲ್ಲ. ಯಾವ ಎಡಿಟಿಂಗ್ ಆ್ಯಪ್ ಕೂಡ ಅದನ್ನು ವಾಪಸ್ ತರಲಾರದು.

ಹಿಂದಿನ ದಿನ ಒಂದು ಹಣತೆ ಹಚ್ಚಿ ನೋಡಿ

ಪೂಜೆಯ ದೀಪ ಹಚ್ಚಿದ ಮೇಲೆ ಪ್ರಯೋಗ ಮಾಡಲು ಆಗುವುದಿಲ್ಲ. "ಒಂದ್ನಿಮಿಷ ದೀಪ ಆರಿಸಿ, ಇನ್ನೊಂದು ಸಲ ತೆಗೀತೀನಿ" ಅಂತ ಯಾರ ಮನೆಯಲ್ಲಿ ಹೇಳಲಾದೀತು? ದೀಪ ಆರಿಸು ಅನ್ನುವ ಮಾತನ್ನೇ ಆಡಬಾರದು, ಶಾಂತ ಮಾಡು ಅನ್ನಬೇಕು ಎನ್ನುವ ಮನೆಗಳು ನಮ್ಮವು. ಹಾಗಾಗಿ ಹಿಂದಿನ ಸಂಜೆಯೇ ಬೇರೆ ಒಂದು ಮಣ್ಣಿನ ಹಣತೆಯನ್ನು ಅದೇ ಜಾಗದಲ್ಲಿ ಹಚ್ಚಿ, ಮನೆಯವರಲ್ಲಿ ಯಾರನ್ನಾದರೂ ಕೂರಿಸಿ ನೋಡಿಕೊಳ್ಳಿ. ಅರ್ಧ ಗಂಟೆ ಸಾಕು. ಬಲ್ಬು ಎಲ್ಲಿಡಬೇಕು, ಫೋನು ಎಲ್ಲಿಡಬೇಕು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡಿ. ಮರುದಿನ ರಂಗೋಲಿ ಬಿಡಿಸುವವರಿಗೆ ಒಂದು ಮಾತು ಹೇಳಿಡುವುದೂ ಒಳ್ಳೆಯದು.

ನೋಡುವುದೂ ಅದೇ ಹೊತ್ತಿಗೆ ಇರಲಿ. ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸಂಜೆ ಆರೂವರೆಯಿಂದ ಆರೂಮುಕ್ಕಾಲರ ನಡುವೆ. ಏಳು ಗಂಟೆಯ ಹೊತ್ತಿಗೆ ಕಿಟಕಿಯ ನೀಲಿ ಬೆಳಕು ಹೋಗಿರುತ್ತದೆ. ಪೂಜೆ ಬೆಳಗ್ಗೆ ಇದ್ದರೆ ದೇವರ ಮೂಲೆಗೆ ಹತ್ತಿರದ ಕಿಟಕಿಯ ಪರದೆ ಪೂರ್ತಿ ಎಳೆದುಬಿಡಿ. ಶ್ರಾವಣದ ಮೋಡದ ಬೆಳಕು ಟ್ಯೂಬ್‌ಲೈಟಿನಷ್ಟೇ ನೀಲಿ, ಕೆಲವೊಮ್ಮೆ ಇನ್ನೂ ಜಾಸ್ತಿ.

ಯಾವ ದೀಪ ಉಳಿಯಬೇಕು, ಯಾವುದು ಹೋಗಬೇಕು

ಟ್ಯೂಬ್‌ಲೈಟು ಆಫ್ ಮಾಡಿ. ಹಜಾರದ್ದು ಮಾತ್ರವಲ್ಲ, ಬಾಗಿಲು ತೆರೆದಿದ್ದರೆ ಅಡುಗೆಮನೆಯದ್ದೂ. ದೊಡ್ಡಮ್ಮನ ಮನೆಯಲ್ಲಿ ಅಡುಗೆಮನೆಯ ಟ್ಯೂಬು ಮರೆತಿದ್ದೆ. ಅದರ ಬೆಳಕು ನೆಲದ ಗ್ರಾನೈಟಿಗೆ ಬಡಿದು ಸೀರೆಯ ಅಂಚಿನಲ್ಲಿ ನೀಲಿಯಾಗಿ ಕಾಣುತ್ತಿತ್ತು.

ಮಂಟಪಕ್ಕೆ ಸುತ್ತಿದ ಸೀರಿಯಲ್ ಸೆಟ್ ಬಗ್ಗೆ ಸ್ವಲ್ಪ ಯೋಚಿಸಬೇಕು. ಮನೆಯವರಿಗೆ ಅದು ಇಷ್ಟ, ತೆಗೆಯಿರಿ ಅನ್ನಲು ಮನಸ್ಸು ಬರುವುದಿಲ್ಲ. ಬಣ್ಣ ಬಣ್ಣದ್ದಾದರೆ ಬೆಳ್ಳಿ ಮುಖವಾಡದ ಮೇಲೆ ಹಸಿರು, ನೀಲಿ ಚುಕ್ಕೆಗಳು ಬೀಳುತ್ತವೆ. ಮಿನುಗುವುದಾದರೆ ಫೋನು ಪ್ರತಿ ಸಲವೂ ಬೆಳಕು ಹೊಂದಿಸಲು ಹೋಗಿ ಇಡೀ ಚಿತ್ರವೇ ಉಸಿರಾಡಿದ ಹಾಗೆ ಏರಿಳಿಯುತ್ತದೆ. ನಾನು ಮಾಡಿದ್ದು ಇಷ್ಟೇ: ಹಳದಿ ಬಣ್ಣದ ಸೆಟ್ ಒಂದನ್ನು ಮಾತ್ರ ಉಳಿಸಿ, ಮಿನುಗದೆ ಒಂದೇ ಸಮನೆ ಉರಿಯುವ ಹಾಗೆ ಅದರ ಗುಂಡಿ ಒತ್ತಿಟ್ಟೆ. ಅದೂ ಮಂಟಪದ ಹಿಂಬದಿಗೆ, ನೇರ ಕಾಣದ ಹಾಗೆ.

ಫ್ಯಾನ್ ಆಫ್ ಮಾಡಲೇಬೇಕು. ಕುಡಿ ಅಲುಗಾಡಿದರೆ ಮುಖದ ಮೇಲಿನ ನೆರಳೂ ಅಲುಗಾಡುತ್ತದೆ. ಸ್ವಲ್ಪ ಅಲುಗಿದರೆ ಚೆಂದ, ಜೀವ ಇದ್ದ ಹಾಗೆ ಕಾಣುತ್ತದೆ. ಜಾಸ್ತಿಯಾದರೆ ನೋಡುವವರಿಗೆ ಕಣ್ಣು ನೋಯುತ್ತದೆ.

ಬತ್ತಿಯ ಕೆಲಸ

ಇದನ್ನು ಯಾರೂ ಬೆಳಕಿನ ಕೆಲಸ ಅಂದುಕೊಳ್ಳುವುದಿಲ್ಲ. ಆದರೆ ಇದೇ ಅರ್ಧ ಕೆಲಸ.

ದೀಪದ ಹಳದಿ ಬಣ್ಣ ಬರುವುದು ಕುಡಿಯೊಳಗೆ ಕಾದು ಹೊಳೆಯುವ ಮಸಿಯ ಕಣಗಳಿಂದ. ಬತ್ತಿ ತುಂಬ ಉದ್ದ ಹೊರಗೆ ಬಂದಿದ್ದರೆ ಎಣ್ಣೆ ಜಾಸ್ತಿ ಏರುತ್ತದೆ, ಮಸಿ ಪೂರ್ತಿ ಸುಡುವುದಿಲ್ಲ, ಕುಡಿ ಉದ್ದವಾಗಿ ಮೇಲೆ ಹೊಗೆಯಾಡುತ್ತ ನಡುಗುತ್ತದೆ. ಬತ್ತಿ ತೀರಾ ಒಳಗಿದ್ದರೆ ಕುಡಿ ಸಣ್ಣದಾಗಿ, ಮುಖಕ್ಕೆ ಏನೂ ಸಿಗುವುದಿಲ್ಲ. ದೀಪದ ಬಾಯಿಂದ ಬತ್ತಿ ಸುಮಾರು ಅರ್ಧ ಸೆಂಟಿಮೀಟರ್ ಹೊರಗಿರಲಿ. ನಮ್ಮ ಕಿರುಬೆರಳಿನ ಉಗುರಿನ ಅರ್ಧದಷ್ಟು. ಎರಡು ಎಳೆ ಸೇರಿಸಿ ಹೊಸೆದ ಬತ್ತಿಯಾದರೆ ಕುಡಿ ಗಟ್ಟಿಯಾಗಿ ನಿಲ್ಲುತ್ತದೆ. ಎಣ್ಣೆ ಬತ್ತಿಯೊಳಗೆ ಚೆನ್ನಾಗಿ ಇಳಿಯಲು ಹತ್ತು ನಿಮಿಷ ಮೊದಲೇ ನೆನೆಸಿಡಿ. ಹಚ್ಚಿ ಒಂದೆರಡು ನಿಮಿಷ ಆದ ಮೇಲೆ ಕುಡಿ ನೆಲೆಗೊಳ್ಳುತ್ತದೆ. ವಿಡಿಯೊ ದೀಪ ಹಚ್ಚುವುದರಿಂದಲೇ ಶುರುವಾಗಬೇಕೆಂದರೆ ಪಕ್ಕದಲ್ಲಿ ಇನ್ನೊಂದು ದೀಪ ಮೊದಲೇ ಉರಿಯುತ್ತಿರಲಿ, ನಂದಾದೀಪ ಇದ್ದರೆ ಅದೇ ಸಾಕು.

ಇನ್ನು ಎತ್ತರ. ಹಣತೆ ನೆಲದ ಮೇಲಿದ್ದು ಮುಂದೆ ಕೂತವರು ಬಗ್ಗಿದರೆ ಬೆಳಕು ಗಲ್ಲದ ಕೆಳಗಿನಿಂದ ಬೀಳುತ್ತದೆ. ಮೂಗಿನ ನೆರಳು ಮೇಲಕ್ಕೆ ಹೋಗುತ್ತದೆ, ಕಣ್ಣ ಮೇಲೆ ಕಪ್ಪು. ಮಕ್ಕಳು ಟಾರ್ಚನ್ನು ಗಲ್ಲದ ಕೆಳಗೆ ಹಿಡಿದು ಹೆದರಿಸುತ್ತಾರಲ್ವಾ, ಅದೇ ಥರ. ದೀಪದ ಕುಡಿ ಕೂತವರ ಎದೆಯಿಂದ ಗಲ್ಲದ ಮಟ್ಟದಲ್ಲಿ ಇದ್ದರೆ ಮುಖ ಸಹಜವಾಗಿ ಕಾಣುತ್ತದೆ. ದೊಡ್ಡಮ್ಮನ ದೀಪದ ಕಂಬಗಳು ಒಂದಡಿ ಎತ್ತರದವು. ಅವನ್ನು ಮಣೆಯ ಮೇಲಿಟ್ಟು, ಆ ಮಣೆಯ ಕೆಳಗೆ ಇನ್ನೊಂದು ಮಣೆ ಇಟ್ಟೆವು. ಕುಡಿ ಸರಿಯಾಗಿ ಅವರ ಎದೆಯ ಮಟ್ಟಕ್ಕೆ ಬಂತು. ಮುಖಕ್ಕೂ ಕುಡಿಗೂ ನಡುವೆ ಸುಮಾರು ಒಂದೂವರೆ ಅಡಿ. ಇದಕ್ಕಿಂತ ಹತ್ತಿರ ಬೇಡ, ಸೆರಗು ಇದೆ, ಜಡೆಯ ಹೂವಿದೆ. ಬೆಂಕಿಯ ವಿಷಯದಲ್ಲಿ ಚಿತ್ರಕ್ಕಾಗಿ ಒಂದಿಂಚೂ ರಾಜಿ ಮಾಡಿಕೊಳ್ಳಬೇಡಿ.

ಒಂದು ದೀಪಕ್ಕಿಂತ ಹಲವು ದೀಪ ಒಳ್ಳೆಯದು. ಬತ್ತಿ ದಪ್ಪ ಮಾಡಿ ಬೆಳಕು ಹೆಚ್ಚಿಸಲು ಹೋದರೆ ಕುಡಿ ಇನ್ನೂ ಬಿಳಿಯಾಗಿ ಕಾಣುತ್ತದೆ. ಅದರ ಬದಲು ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ, ಮಂಟಪದ ಪಕ್ಕದ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ತಟ್ಟೆಯಲ್ಲಿ ನಾಲ್ಕೈದು ಹಣತೆ ಇಡಿ. ಅವೆಲ್ಲದರ ಬೆಳಕು ಸೇರಿ ಮುಖಕ್ಕೆ ಬರುತ್ತದೆ, ಬಣ್ಣವೂ ನಿಜವಾದ ದೀಪದ್ದೇ. ಜಾಗ ಇದ್ದವರು, ಹತ್ತಿರದಲ್ಲಿ ಚಿಕ್ಕ ಮಕ್ಕಳಿಲ್ಲದವರು ಇಷ್ಟರಲ್ಲೇ ಕೆಲಸ ಮುಗಿಸಬಹುದು. ದೊಡ್ಡಮ್ಮನ ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಓಡಾಡುತ್ತಾನೆ. ಹಾಗಾಗಿ ಬಲ್ಬಿನ ದಾರಿ ಹಿಡಿದೆ.

ಒಂದು ಬಲ್ಬು, ಒಂದು ಪಂಚೆ

ಬಲ್ಬಿನ ಡಬ್ಬದ ಮೇಲೆ ನೋಡಬೇಕಾದ್ದು ಕೆಲ್ವಿನ್. 2700K ಅಥವಾ 3000K ಎಂದಿರಬೇಕು, ಅಂಗಡಿಯಲ್ಲಿ ವಾರ್ಮ್ ವೈಟ್ ಎಂದು ಕೇಳಿದರೆ ಕೊಡುತ್ತಾರೆ. ಇನ್ನೊಂದು, CRI ಎಂಬ ಅಂಕಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ಗರಿಷ್ಠ 100. ಸಾಮಾನ್ಯ ಬಲ್ಬುಗಳಲ್ಲಿ 80ರ ಆಸುಪಾಸು ಇರುತ್ತದೆ. 90 ಅಥವಾ ಅದಕ್ಕಿಂತ ಹೆಚ್ಚು ಇರುವುದು ಸಿಕ್ಕರೆ ತೆಗೆದುಕೊಳ್ಳಿ. ಕಮ್ಮಿ ಇರುವ ಬಲ್ಬಿನಲ್ಲಿ ಕೆಂಪು ಸಪ್ಪೆಯಾಗುತ್ತದೆ. ಪೂಜೆಯಲ್ಲಿ ಕೆಂಪೇ ತಾನೆ ಮುಖ್ಯ? ಕುಂಕುಮ, ದಾಸವಾಳ, ರೇಷ್ಮೆ ಸೀರೆಯ ಅಂಚು, ಮುಖದ ಮೇಲಿನ ಕಳೆ, ಎಲ್ಲದರಲ್ಲೂ ಕೆಂಪಿದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಲೈಟಿನ ಅಂಗಡಿಗಳಲ್ಲಿ ಬಲ್ಬು ಹಾಕಿ ತೋರಿಸುತ್ತಾರೆ. ನಿಮ್ಮ ಅಂಗೈಯನ್ನು ಅದರ ಕೆಳಗೆ ಹಿಡಿದು ನೋಡಿ. ಅಂಗೈ ಬೂದು ಬೂದಾಗಿ ಕಂಡರೆ ಆ ಬಲ್ಬು ಬೇಡ.

ಮಿಣುಕುತ್ತದೆಯೇ ಎಂದೂ ಅಲ್ಲೇ ನೋಡಬಹುದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಎಲ್‌ಇಡಿ ಬಲ್ಬುಗಳು ಅದರ ಜೊತೆ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ವಿಡಿಯೊದಲ್ಲಿ ಕಪ್ಪು ಪಟ್ಟಿಗಳಾಗಿ ಮೇಲೆ ಕೆಳಗೆ ಹರಿಯುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಬಲ್ಬನ್ನು ಐದು ಸೆಕೆಂಡ್ ತೆಗೆದು ನೋಡಿ. ಅದು ಮಿಂಚಿದ ಹಾಗೆ ಕಂಡರೆ ಬೇರೆ ಕೇಳಿ.

9 ವ್ಯಾಟಿನ ಎಲ್‌ಇಡಿ ಸಾಕು, 5 ವ್ಯಾಟಿನದೂ ನಡೆಯುತ್ತದೆ. ಆದರೆ ಅದನ್ನು ನೇರವಾಗಿ ಮುಖಕ್ಕೆ ತಿರುಗಿಸಬೇಡಿ. ನೇರ ಬೆಳಕು ಬಿದ್ದರೆ ಮೂಗಿನ ನೆರಳು ಗೆರೆ ಎಳೆದಂತೆ ಚೂಪಾಗುತ್ತದೆ, ಬೆವರಿದ ಹಣೆ ಹೊಳೆಯುತ್ತದೆ. ಬಟ್ಟೆಗೆ ಬಡಿದು ವಾಪಸ್ ಬರುವ ಬೆಳಕು ಬೇಕು. ಒಂದು ಕುರ್ಚಿಯ ಬೆನ್ನಿಗೆ ಪಂಚೆ ಹರಡಿ. ಅದಕ್ಕೆ ಎರಡು ಅಡಿ ದೂರದಲ್ಲಿ ಬಲ್ಬನ್ನು ಪಂಚೆಯ ಕಡೆಗೆ ತಿರುಗಿಸಿ ಇಡಿ. ಈಗ ಪಂಚೆಯೇ ಎರಡು ಮೂರು ಅಡಿ ಅಗಲದ ಒಂದು ದೊಡ್ಡ ದೀಪ. ದೊಡ್ಡ ದೀಪದಿಂದ ಬರುವ ನೆರಳು ಮೆತ್ತಗಿರುತ್ತದೆ. ಅಚ್ಚ ಬಿಳಿ ಪಂಚೆಗಿಂತ ಕೋರಾ ಬಟ್ಟೆ ಇನ್ನೂ ಒಳ್ಳೆಯದು. ಅದರ ಹಳದಿ ಛಾಯೆ 2700ರ ಬೆಳಕನ್ನು ದೀಪದ ಕಡೆಗೆ ಒಂದಿಷ್ಟು ಎಳೆಯುತ್ತದೆ.

ಗೋಡೆಗೇ ಬಡಿಸಬಹುದಲ್ಲ ಅಂತ ಕೇಳಬಹುದು. ಗೋಡೆ ಬಿಳಿ ಅಥವಾ ಕೆನೆ ಬಣ್ಣದ್ದಾದರೆ ಖಂಡಿತ ಆಗುತ್ತದೆ. ದೊಡ್ಡಮ್ಮನ ಹಜಾರದ ಗೋಡೆ ಪಿಸ್ತಾ ಹಸಿರು. ಮೊದಲು ಅದಕ್ಕೇ ಬಡಿಸಿದೆ, ಅವರ ಕೆನ್ನೆಯೆಲ್ಲ ಹಸಿರಾಯಿತು. ಬೆಳಕು ಯಾವುದಕ್ಕೆ ಬಡಿಯುತ್ತದೋ ಅದರ ಬಣ್ಣ ಹೊತ್ತುಕೊಂಡೇ ಬರುತ್ತದೆ.

ಈಗ ಜಾಗ. ನೋಡುವವರಿಗೆ ಈ ಬೆಳಕು ದೀಪದಿಂದಲೇ ಬಂದಿತು ಅನ್ನಿಸಬೇಕು. ಹಾಗಾಗಿ ದೀಪ ಇರುವ ದಿಕ್ಕಿನಿಂದಲೇ ಬರಬೇಕು, ದೀಪದ ಎತ್ತರಕ್ಕಿಂತ ಸ್ವಲ್ಪವೇ ಮೇಲಿರಬೇಕು. ಕುರ್ಚಿಯ ಪಂಚೆ ಕೂತವರ ಗಲ್ಲ, ಕಣ್ಣಿನ ಮಟ್ಟಕ್ಕೆ ಬರುತ್ತದೆ, ಅದು ಸರಿಯಾದ ಎತ್ತರ. ಮುಖದಿಂದ ಮೂರು ನಾಲ್ಕು ಅಡಿ ದೂರ. ಬಲ್ಬಿನ ನೇರ ಬೆಳಕು ಮುಖಕ್ಕೂ ಫೋನಿಗೂ ಬೀಳದ ಹಾಗೆ ಹಿಂದೆ ಒಂದು ರಟ್ಟು ನಿಲ್ಲಿಸಿ. ವೈರು ನೆಲಕ್ಕೆ ಅಂಟಿಸಿ, ಅಭಿಷೇಕದ ನೀರು ಹರಿಯುವ ಕಡೆ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

ಬೆಳಕು ಸಾಕೇ, ಜಾಸ್ತಿಯಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆ. ಬಲ್ಬು ಹಾಕಿದಾಗಲೂ ದೀಪದ ಬೆಳಕು ಮಂಟಪದ ಮರದ ಮೇಲೆ, ಹಿತ್ತಾಳೆಯ ಮೇಲೆ ಬಿದ್ದಿರುವುದು ಕಣ್ಣಿಗೆ ಕಾಣಬೇಕು. ಅದು ಅಳಿಸಿಹೋದರೆ ಬಲ್ಬು ಜಾಸ್ತಿಯಾಗಿದೆ. ಕುರ್ಚಿಯನ್ನು ಒಂದಡಿ ಹಿಂದಕ್ಕೆ ತಳ್ಳಿ. ದೂರ ದುಪ್ಪಟ್ಟಾದರೆ ಚಿಕ್ಕ ದೀಪದ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಪಂಚೆ ಅಗಲ ಇರುವುದರಿಂದ ಅಷ್ಟು ಇಳಿಯುವುದಿಲ್ಲ, ಆದರೂ ಒಂದಡಿಗೇ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಫೋನು ಎಲ್ಲಿ ನಿಲ್ಲಬೇಕು

ಪೂಜೆ ಮಾಡುವವರು ದೇವರ ಕಡೆ ತಿರುಗಿರುತ್ತಾರೆ. ಹಿಂದೆ ನಿಂತು ತೆಗೆದರೆ ಬೆನ್ನು, ಜಡೆ ಮಾತ್ರ. ಫೋನು ಮಂಟಪದ ಒಂದು ಪಕ್ಕದಲ್ಲಿ, ಗೋಡೆಗೆ ಒತ್ತಿ, ಕೂತವರ ಕಡೆ ಓರೆಯಾಗಿ ನೋಡುತ್ತಿರಬೇಕು. ಆಗ ಮುಂದೆ ದೀಪದ ಕುಡಿ, ಅದರ ಹಿಂದೆ ಮುಕ್ಕಾಲು ಮುಖ. ದೊಡ್ಡಮ್ಮನ ಮನೆಯಲ್ಲಿ ಮಂಟಪದ ಎಡಕ್ಕೆ ಫೋನು, ಬಲಕ್ಕೆ ಪಂಚೆ ಹಾಕಿದ ಕುರ್ಚಿ. ಬೆಳಕು ಬಲದಿಂದ ಬಂದು, ಫೋನಿನ ಕಡೆಯ ಕೆನ್ನೆ ಸ್ವಲ್ಪ ನೆರಳಾಯಿತು. ಆ ನೆರಳೇ ಮುಖಕ್ಕೆ ಆಕಾರ ಕೊಡುವುದು. ಫೋನಿನ ಪಕ್ಕದಲ್ಲೇ ರಿಂಗ್ ಲೈಟ್ ಇಟ್ಟರೆ ಮುಖ ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ಅಷ್ಟೇ ಅಲ್ಲ, ದೇವರ ಪಟದ ಗಾಜಿನಲ್ಲಿ ದೊಡ್ಡ ಬಿಳಿ ಬಳೆಯೂ ಕಾಣುತ್ತದೆ.

ಗಾಜು, ಬೆಳ್ಳಿ, ಎರಡಕ್ಕೂ ಒಂದೇ ನಿಯಮ. ಬೆಳಕು ಬಂದ ಕೋನದಲ್ಲೇ ಆ ಕಡೆ ಹೊರಡುತ್ತದೆ. ಫೋನಿನ ಜಾಗದಲ್ಲಿ ನಿಮ್ಮ ಕಣ್ಣಿಟ್ಟು ನೋಡಿ. ಪಟದ ಗಾಜಿನಲ್ಲಿ ಪಂಚೆ ಕಾಣುತ್ತಿದ್ದರೆ ಪಟವನ್ನು ಎರಡು ಬೆರಳಿನಷ್ಟು ಮುಂದಕ್ಕೆ ಬಾಗಿಸಿ, ಹಿಂದೆ ರಟ್ಟಿನ ಚೂರು ಸಿಕ್ಕಿಸಿದರೆ ಸಾಕು. ಬೆಳ್ಳಿ ಮುಖವಾಡ ಮಾತ್ರ ಪಂಚೆಯ ಬಿಂಬ ಹಿಡಿಯಲಿ. ಬೆಳ್ಳಿಗೆ ತನ್ನದೇ ಬಣ್ಣ ಕಮ್ಮಿ, ಎದುರಿಗೆ ಇದ್ದದ್ದನ್ನೇ ತೋರಿಸುತ್ತದೆ. ಎದುರಿಗೆ ಕತ್ತಲಿದ್ದರೆ ಅಮ್ಮನವರ ಮುಖ ಕಪ್ಪಗೆ ಕಾಣುತ್ತದೆ. ಪಂಚೆಯ ಹಳದಿ ಬೆಳಕು ಆ ಕೆನ್ನೆಯ ಮೇಲೆ ಅಗಲವಾಗಿ ಹರಡಿದಾಗ ಮುಖಕ್ಕೆ ಕಳೆ ಬರುತ್ತದೆ.

ಲೆನ್ಸ್ ಒರೆಸಿ. ಹಬ್ಬದ ದಿನ ಎಲ್ಲರ ಕೈಯಲ್ಲೂ ಎಣ್ಣೆ, ತುಪ್ಪ. ಲೆನ್ಸಿಗೆ ಅಂಟಿದ ಒಂದು ಬೆರಳ ಗುರುತು ಸಾಕು, ಪ್ರತಿ ಕುಡಿಯಿಂದಲೂ ಉದ್ದನೆಯ ಗೆರೆ ಹೊರಟು ಇಡೀ ಚಿತ್ರ ಮಂಜು ಕವಿದಂತಾಗುತ್ತದೆ. ಒಗೆದ ಹಳೆಯ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಆಯಿತು. ಒರೆಸಿದ ಮೇಲೂ ಒಂದು ಚಿಕ್ಕ ಹಸಿರು ಕುಡಿ, ತಲೆಕೆಳಗಾಗಿ, ಎಲ್ಲೋ ಬೇರೆ ಕಡೆ ತೇಲುತ್ತಿದ್ದರೆ ಅದು ಲೆನ್ಸಿನ ಗಾಜುಗಳ ನಡುವೆ ಆಗುವ ಪ್ರತಿಫಲನ. ಅದು ಯಾವಾಗಲೂ ಚಿತ್ರದ ನಡುಬಿಂದುವಿನ ಆ ಕಡೆ, ದೀಪಕ್ಕೆ ಸರಿ ಎದುರು ಬೀಳುತ್ತದೆ. ದೀಪ ಕೆಳಗಿನ ಎಡಕ್ಕಿದ್ದರೆ ಇದು ಮೇಲಿನ ಬಲಕ್ಕೆ. ಸೆಟ್ಟಿಂಗ್‌ನಲ್ಲಿ ಹೋಗುವುದಿಲ್ಲ. ಫೋನನ್ನು ಸ್ವಲ್ಪ ತಿರುಗಿಸಿ, ಆ ಚುಕ್ಕೆ ಮುಖದ ಮೇಲೆ ಬೀಳದೆ ಹೂವಿನ ಹಾರದ ಮೇಲೋ ಸೀರೆಯ ಜರಿಯ ಮೇಲೋ ಬೀಳುವ ಹಾಗೆ ಮಾಡಿ. ಅಲ್ಲಿ ಯಾರಿಗೂ ಕಾಣುವುದಿಲ್ಲ.

ಫೋನಿನಲ್ಲಿ ಮೂರು ಬೀಗ

ಬೆಳಕು, ಫೋಕಸ್, ಬಣ್ಣ. ಈ ಮೂರನ್ನೂ ಫೋನು ತಾನೇ ಬದಲಿಸದ ಹಾಗೆ ಕಟ್ಟಿಹಾಕಬೇಕು.

ಐಫೋನಿನಲ್ಲಿ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ `AE/AF LOCK` ಎಂದು ಬರುತ್ತದೆ. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಬೆರಳಲ್ಲಿ ಕೆಳಕ್ಕೆ ಎಳೆಯಿರಿ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಹೀಗೇ ಒತ್ತಿ ಹಿಡಿದರೆ ಬೀಗದ ಗುರುತು ಬರುತ್ತದೆ. ಫೋಕಸ್ ಮುಖದ ಮೇಲೆ ಇರಲಿ, ಬೆಳಕು ದೀಪಕ್ಕೆ ತಕ್ಕಂತೆ ಇಳಿಯಲಿ. ಎಲ್ಲಿಯವರೆಗೆ ಎಳೆಯಬೇಕು? ಪರದೆಯಲ್ಲಿ ಕುಡಿಯನ್ನೇ ನೋಡುತ್ತಿರಿ. ಬಿಳಿ ಉಂಡೆ ಕುಗ್ಗುತ್ತ ಬಂದು, ಮೊದಲು ಅಂಚಿನಲ್ಲಿ ಕಿತ್ತಳೆ ಕಾಣುತ್ತದೆ, ಆಮೇಲೆ ಹಳದಿ, ಕೊನೆಗೆ ಕುಡಿಯ ಚೂಪು ತುದಿ. ಆ ತುದಿ ಕಂಡ ಕೂಡಲೇ ನಿಲ್ಲಿಸಿ. ಕುಡಿಯ ನಡುಭಾಗ ಬಿಳಿಯಾಗಿಯೇ ಉಳಿಯುತ್ತದೆ, ಉಳಿಯಲಿ. ಅದನ್ನೂ ಹಳದಿ ಮಾಡಲು ಹೋದರೆ ಮುಖ ಕತ್ತಲಾಗುತ್ತದೆ. ಇಷ್ಟಕ್ಕೇ ಮುಖ ಕಪ್ಪಾಯಿತು ಅನಿಸಿದರೆ ಸೂರ್ಯನ ಗುರುತನ್ನು ಮುಟ್ಟಬೇಡಿ, ಪಂಚೆಯ ಕುರ್ಚಿಯನ್ನು ಅರ್ಧ ಅಡಿ ಹತ್ತಿರ ತನ್ನಿ.

ಫೋನಿನಲ್ಲಿ ಪ್ರೊ ವಿಡಿಯೊ ಇದ್ದರೆ ಕೆಲಸ ಇನ್ನೂ ನಿಖರ. ನಾನು ಇಟ್ಟದ್ದು ಹೀಗೆ:

```
WB       3200K
Shutter  1/50
ISO      400
```

`WB` ಅಂದರೆ ಬಣ್ಣದ ಹೊಂದಿಕೆ. 3200ಕ್ಕೆ ಇಟ್ಟರೆ 2700ರ ಬಲ್ಬಿನ ಬೆಳಕಿನಲ್ಲಿ ಮುಖ ಸ್ವಲ್ಪ ಬೆಚ್ಚಗೆ, ಸಹಜವಾಗಿ ಬರುತ್ತದೆ, 1900ರ ಕುಡಿ ಕಿತ್ತಳೆಯಾಗಿಯೇ ಉಳಿಯುತ್ತದೆ. 2300ರ ಹತ್ತಿರ ಇಳಿಸಿದರೆ ದೀಪದ ಬೆಚ್ಚಗಿನ ಬಣ್ಣವೇ ಹೋಗುತ್ತದೆ, ಪೂಜೆ ಆಫೀಸಿನಲ್ಲಿ ಮಾಡಿದ ಹಾಗೆ ಕಾಣುತ್ತದೆ. 5000ಕ್ಕೆ ಏರಿಸಿದರೆ ಎಲ್ಲರ ಮುಖಕ್ಕೂ ಅರಿಶಿನ ಬಳಿದಂತೆ. ಶಟರ್, ಅಂದರೆ ಒಂದೊಂದು ಚಿತ್ರಕ್ಕೂ ಫೋನು ಬೆಳಕು ಒಳಬಿಟ್ಟುಕೊಳ್ಳುವ ಸಮಯ, 1/50 ಅಥವಾ 1/100 ಸೆಕೆಂಡ್ ಇರಲಿ. ನಮ್ಮ ಕರೆಂಟಿನ ಏರಿಳಿತಕ್ಕೆ ಇವೆರಡೂ ಹೊಂದುತ್ತವೆ, ಪಟ್ಟಿಗಳು ಬರುವುದಿಲ್ಲ. `ISO` ಅಂದರೆ ಸಿಕ್ಕ ಬೆಳಕನ್ನು ಫೋನು ಎಷ್ಟು ಹೆಚ್ಚಿಸಿ ತೋರಿಸಬೇಕು ಎಂಬ ಅಂಕಿ, ಅದು ನಿಮ್ಮ ಮನೆಯ ಬೆಳಕಿಗೆ ತಕ್ಕಂತೆ ಬೇರೆಯಾಗುತ್ತದೆ. 800 ದಾಟಿದರೆ ಕತ್ತಲ ಭಾಗದಲ್ಲಿ ರವೆ ಚೆಲ್ಲಿದ ಹಾಗೆ ಕಾಣತೊಡಗುತ್ತದೆ, ಆಗಲೂ ಪಂಚೆಯನ್ನು ಹತ್ತಿರ ತರುವುದೇ ದಾರಿ.

ವಿಡಿಯೊ ಕಾಲ್‌ನಲ್ಲಿ ಪೂಜೆ ತೋರಿಸುವವರಿಗೆ ಈ ಬೀಗಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ಚಿತ್ರದಲ್ಲಿ ಕುಡಿಯನ್ನು ಚಿಕ್ಕದಾಗಿ, ಒಂದು ಬದಿಗೆ ಇಟ್ಟುಕೊಂಡು ಪಂಚೆಯ ಬೆಳಕನ್ನು ನಾನು ಹೇಳಿದ್ದಕ್ಕಿಂತ ಒಂದಡಿ ಹತ್ತಿರ ಇಡಬೇಕು. ಮುಖಕ್ಕೆ ಬೆಳಕು ಸಾಕಷ್ಟಿದ್ದರೆ ಫೋನು ಬೆಳಗಿಸಲು ಹೋಗುವುದಿಲ್ಲ.

ಮಂಗಳಾರತಿಯ ಹೊತ್ತು

ಎಲ್ಲ ಸರಿಯಾಗಿದ್ದೂ ಕೆಡುವುದು ಇಲ್ಲಿ. ಕರ್ಪೂರದ ಉರಿ ಎಣ್ಣೆ ದೀಪಕ್ಕಿಂತ ತುಂಬ ದೊಡ್ಡದು, ಮೇಲಾಗಿ ಸುತ್ತುತ್ತಿರುತ್ತದೆ. ಬೀಗ ಹಾಕದ ಫೋನಿನಲ್ಲಿ ತಟ್ಟೆ ಹತ್ತಿರ ಬಂದಾಗ ಎಲ್ಲ ಕತ್ತಲು, ದೂರ ಹೋದಾಗ ಎಲ್ಲ ಬೆಳಕು. ಬೀಗ ಹಾಕಿದ್ದರೆ ಇದಾಗುವುದಿಲ್ಲ. ಆದರೆ ದೀಪಕ್ಕೆ ಹೊಂದಿಸಿದ್ದ ಬೆಳಕು ಕರ್ಪೂರಕ್ಕೆ ಜಾಸ್ತಿಯಾಗುತ್ತದೆ. ಈ ಹಬ್ಬದಲ್ಲಿ ಮೊದಲ ಆರತಿಗೆ ಮೂರು ಕರ್ಪೂರದ ಬಿಲ್ಲೆ ಇಟ್ಟಿದ್ದರು, ಉರಿ ಬಿಳಿಯಾಗಿ ಹೋಯಿತು. "ದೊಡ್ಡಮ್ಮ, ಮುಂದಿನ ಆರತಿಗೆ ಒಂದೇ ಬಿಲ್ಲೆ ಇಡ್ತೀರಾ?" ಅಂದೆ. "ಒಂದಾದ್ರೇನು, ಮೂರಾದ್ರೇನು, ದೇವರಿಗೆ ಅಷ್ಟೇ," ಅಂದರು. ಒಂದೇ ಬಿಲ್ಲೆಯಲ್ಲಿ ಉರಿಯ ಆಕಾರ ಪೂರ್ತಿ ಬಂತು. ಹೂಬತ್ತಿಯನ್ನು ತುಪ್ಪದಲ್ಲಿ ಅದ್ದಿ ಆರತಿ ಮಾಡುವ ಮನೆಗಳಲ್ಲಿ ಈ ತೊಂದರೆ ಇಲ್ಲ, ಆ ಕುಡಿ ದೀಪದಷ್ಟೇ ಇರುತ್ತದೆ.

ಊದುಬತ್ತಿಯನ್ನು ಫೋನಿಗೂ ಮುಖಕ್ಕೂ ನಡುವೆ ಇಡಬೇಡಿ. ಮಂಟಪದ ಹಿಂದೆ ಇಟ್ಟರೆ ಹೊಗೆ ದೀಪದ ಬೆಳಕು ಹಿಡಿದು ಎಳೆ ಎಳೆಯಾಗಿ ಏರುವುದು ಚೆಂದ ಕಾಣುತ್ತದೆ. ಮುಂದೆ ಇಟ್ಟರೆ ಹತ್ತು ನಿಮಿಷದಲ್ಲಿ ಚಿಕ್ಕ ದೇವರ ಮನೆಯೆಲ್ಲ ಮಸುಕಾಗುತ್ತದೆ.

ತೆಗೆದದ್ದನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಚಿಕ್ಕದು ಮಾಡಿ ಕಳಿಸುತ್ತದೆ. ಆಗ ದೀಪದ ಸುತ್ತ ಮೆಲ್ಲಗೆ ಕರಗುವ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ದೊಡ್ಡಮ್ಮನ ಮಗಳಿಗೆ ಹಾಗೇ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವಳ ಮೆಸೇಜ್ ಬಂತು: "ಅಮ್ಮ ಈ ಸಲ ಮೂಗುಬೊಟ್ಟು ಬದಲಿಸಿದ್ದಾರಲ್ವಾ?"